ನುಂಗಿದ್ದು ಕಾಣದ ಬೆಳಕು, ಉಗುಳಿದ್ದು ನೀಲಿ: ಪ್ರತಿದೀಪ್ತಿಯ ಲೆಕ್ಕದ ಹಿನ್ನೆಲೆ

ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನ ದ್ರಾವಣವನ್ನು ಬಿಸಿಲಿಗೆ ಹಿಡಿದರೆ, ಬೆಳಕು ಬಿದ್ದ ಕಡೆಯ ಮೇಲ್ಪದರ ಮಾತ್ರ ನೀಲಿಯಾಗಿ ಹೊಳೆಯುತ್ತದೆ. 1845ರಲ್ಲಿ ಜಾನ್ ಹರ್ಷಲ್ ಇದನ್ನು ವರದಿ ಮಾಡಿದರು. ಒಮ್ಮೆ ಕ್ವಿನೈನ್ ದ್ರಾವಣದ ಮೂಲಕ ಹಾದುಬಂದ ಬೆಳಕು ಇನ್ನೊಂದು ಪಾತ್ರೆಯ ಕ್ವಿನೈನನ್ನು ಹೊಳೆಯಿಸುವುದಿಲ್ಲ ಎಂಬುದನ್ನೂ ಅವರು ಕಂಡಿದ್ದರು. ಕಣ್ಣಿಗೆ ಆ ಬೆಳಕಿನಲ್ಲಿ ಏನೂ ಕಡಿಮೆಯಾದಂತೆ ಕಾಣುತ್ತಿರಲಿಲ್ಲ. ಹಾಗಾದರೆ ಕಳೆದುಹೋದದ್ದು ಏನು?

ಉತ್ತರ ಸಿಕ್ಕಿದ್ದು 1852ರಲ್ಲಿ, ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ ಅವರಿಗೆ. ಅವರು ಬಿಸಿಲನ್ನು ಪ್ರಿಸಂನಿಂದ ಬಣ್ಣಗಳಾಗಿ ಬಿಡಿಸಿ, ಕ್ವಿನೈನ್ ತುಂಬಿದ ಕೊಳವೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ಮೆಲ್ಲಗೆ ಸರಿಸಿದರು. ಬಹುಪಾಲು ಬಣ್ಣಗಳಲ್ಲಿ ಏನೂ ಆಗಲಿಲ್ಲ. ನೇರಳೆಯ ತುದಿ ದಾಟಿ, ಕಣ್ಣಿಗೆ ಕತ್ತಲೆಯೇ ಆಗಿದ್ದ ಜಾಗಕ್ಕೆ ಬಂದಾಗ ಕೊಳವೆ ನೀಲಿಯಾಗಿ ಬೆಳಗಿತು. ಕ್ವಿನೈನ್ ನುಂಗುತ್ತಿದ್ದದ್ದು ಕಾಣದ ನೇರಳಾತೀತ ಬೆಳಕನ್ನು. ಮೇಲ್ಪದರವೇ ಅದನ್ನು ಮುಗಿಸಿಬಿಡುತ್ತಿದ್ದುದರಿಂದ ಒಳಗಿನ ದ್ರಾವಣಕ್ಕಾಗಲಿ, ಎರಡನೇ ಪಾತ್ರೆಗಾಗಲಿ ಏನೂ ಉಳಿಯುತ್ತಿರಲಿಲ್ಲ. ಪ್ರತಿದೀಪ್ತಿ ಎಂದು ನಾವು ಕರೆಯುವ ಇದಕ್ಕೆ ‘ಫ್ಲೋರೆಸೆನ್ಸ್’ ಎಂದು ಹೆಸರಿಟ್ಟವರೂ ಸ್ಟೋಕ್ಸ್. ಫ್ಲೋರ್‌ಸ್ಪಾರ್ ಎಂಬ ಖನಿಜದಿಂದ ಆ ಹೆಸರು ಬಂತು. ಹೊರಬರುವ ಬೆಳಕಿನ ತರಂಗಾಂತರ ಒಳಹೋದದ್ದಕ್ಕಿಂತ ಉದ್ದ ಎಂಬುದನ್ನು ಅವರು ನಿಯಮವಾಗಿಯೇ ಹೇಳಿದರು.

ಆದರೆ ಯಾಕೆ ಹಾಗೆ? ಬೆಳಕನ್ನು ಬರಿಯ ಅಲೆಯೆಂದು ತಿಳಿದಿರುವವರೆಗೆ ಇದಕ್ಕೆ ಸರಳ ಕಾರಣ ಸಿಗುವಂತಿರಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಬೆಳಕು ಶಕ್ತಿಯ ಬಿಡಿ ಕಣಗಳಂತೆ ವರ್ತಿಸುತ್ತದೆ ಎಂದು ವಾದಿಸಿದ ಲೇಖನದಲ್ಲಿ ಸ್ಟೋಕ್ಸ್ ನಿಯಮವನ್ನೂ ಎತ್ತಿಕೊಂಡರು. ಒಂದು ಕಣ ಒಳಹೋಗಿ ಒಂದು ಕಣ ಹೊರಬರುವುದಾದರೆ, ಹೊರಬರುವ ಕಣ ಹೆಚ್ಚು ಶಕ್ತಿ ಹೊತ್ತು ತರಲಾರದು. ತರಂಗಾಂತರ ಉದ್ದವಾದಷ್ಟೂ ಕಣದ ಶಕ್ತಿ ಕಡಿಮೆ.

ಲೆಕ್ಕ ಸುಲಭ: 1240ನ್ನು ನ್ಯಾನೋಮೀಟರ್‌ನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಕಣದ ಶಕ್ತಿ, ಅದರ ಅಳತೆಯಾದ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. ಕ್ವಿನೈನ್ ನುಂಗುವ 350 ನ್ಯಾನೋಮೀಟರ್ ಬೆಳಕಿಗೆ 3.54, ಅದು ಹೊರಬಿಡುವ 450ರ ನೀಲಿಗೆ 2.76. ನಡುವಿನ 0.78 ಎಲ್ಲಿ ಹೋಯಿತು?

ಅಣುವಿನ ಶಕ್ತಿಮಟ್ಟಗಳನ್ನು ಎರಡು ಅಂತಸ್ತಿನ ಮನೆಯೆಂದುಕೊಳ್ಳಿ. ಪ್ರತಿ ಅಂತಸ್ತಿನಲ್ಲೂ ಅಣುವಿನ ಕಂಪನದ ಸಣ್ಣ ಸಣ್ಣ ಮೆಟ್ಟಿಲುಗಳಿವೆ. ಬೆಳಕು ನುಂಗಿದ ಅಣು ಮೇಲಂತಸ್ತಿನ ಎತ್ತರದ ಮೆಟ್ಟಿಲಿಗೆ ಹಾರುತ್ತದೆ. ಸುತ್ತಲಿನ ನೀರಿನ ಅಣುಗಳಿಗೆ ಬಡಿದು ಆ ಕಂಪನವನ್ನು ಬಿಸಿಯಾಗಿ ಬಿಟ್ಟುಕೊಟ್ಟು, ಸೆಕೆಂಡಿನ ಲಕ್ಷಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲೇ ಅದೇ ಅಂತಸ್ತಿನ ತಳಕ್ಕೆ ಇಳಿಯುತ್ತದೆ. ಬೆಳಕು ಹೊರಡುವುದು ಅದಕ್ಕಿಂತ ಬಹಳ ತಡವಾಗಿ. ಕ್ವಿನೈನ್‌ನಲ್ಲಿ ಸರಾಸರಿ 20 ನ್ಯಾನೋಸೆಕೆಂಡ್ ಕಳೆದ ಮೇಲೆ. ಕೆಳಗೆ ಬೀಳುವಾಗಲೂ ಅಣು ನೇರ ನೆಲಕ್ಕಲ್ಲ, ಕೆಳಂತಸ್ತಿನ ಯಾವುದೋ ಮೆಟ್ಟಿಲಿಗೆ ಬೀಳುತ್ತದೆ. ಅಲ್ಲಿ ಉಳಿದ ಚೂರೂ ಬಿಸಿಯಾಗಿಯೇ ಹೋಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಲೇಬಲ್ ಮೇಲೆ ಕ್ವಿನೈನ್ ಎಂದಿರುವ ಟಾನಿಕ್ ವಾಟರ್ ಒಂದು ಲೋಟ, ಪಕ್ಕದಲ್ಲಿ ಬರೀ ಸೋಡಾ ಒಂದು ಲೋಟ, ಕತ್ತಲೆ ಕೋಣೆ, 365 ನ್ಯಾನೋಮೀಟರ್‌ನ ಯುವಿ ಟಾರ್ಚ್ ಇದ್ದರೆ ಸಾಕು. ಅಗ್ಗದ ಟಾರ್ಚ್‌ಗಳು ಹೆಚ್ಚಾಗಿ 395ರವು. ಆ ಬೆಳಕನ್ನು ಕ್ವಿನೈನ್ ಅಷ್ಟಾಗಿ ನುಂಗುವುದಿಲ್ಲ. ಜೊತೆಗೆ ಟಾರ್ಚಿನ ನೇರಳೆಯೇ ಗಾಜಿನಲ್ಲಿ ಪ್ರತಿಫಲಿಸಿ ಹೊಳಪಿನಂತೆ ಮೋಸಮಾಡುತ್ತದೆ. ಸೋಡಾ ಲೋಟವೂ ಅಷ್ಟೇ ನೇರಳೆಯಾಗಿ ಕಂಡರೆ ನೀವು ನೋಡುತ್ತಿರುವುದು ಟಾರ್ಚಿನ ಬೆಳಕೇ. ಟಾರ್ಚನ್ನು ಕಣ್ಣಿಗಂತೂ ಹಿಡಿಯಬೇಡಿ. ನೀಲಿ ಸರಿಯಾಗಿ ಕಂಡ ಮೇಲೆ ಅರ್ಧ ಚಮಚ ಅಡುಗೆ ಉಪ್ಪು ಹಾಕಿ ಕಲಕಿ (ನೊರೆ ಉಕ್ಕುತ್ತದೆ, ಲೋಟ ದೊಡ್ಡದಿರಲಿ). ಹೊಳಪು ಬಹುಪಾಲು ಆರಿಹೋಗುತ್ತದೆ. ಕ್ವಿನೈನ್ ಅಲ್ಲೇ ಇದೆ, ಬೆಳಕನ್ನೂ ನುಂಗುತ್ತಿದೆ. ಆದರೆ ಆ 20 ನ್ಯಾನೋಸೆಕೆಂಡ್ ಕಾಯುವಷ್ಟರಲ್ಲಿ ಉಪ್ಪಿನ ಕ್ಲೋರೈಡ್ ಬಂದು ಡಿಕ್ಕಿ ಹೊಡೆದು, ಬೆಳಕಾಗಬೇಕಿದ್ದ ಶಕ್ತಿಯೂ ಬಿಸಿಯಾಗಿ ಮುಗಿಯುತ್ತದೆ.

ಪಾಲಕ್ ಸೊಪ್ಪನ್ನು ಸ್ಪಿರಿಟ್‌ನಲ್ಲಿ ಅರೆದು ಸೋಸಿದ ಹಸಿರು ರಸಕ್ಕೆ ನೀಲಿ ಬೆಳಕು ಬಿಟ್ಟರೆ ಅದು ರಕ್ತಗೆಂಪಾಗಿ ಹೊಳೆಯುತ್ತದೆ. ಎಲೆಯ ರಸದ ಈ ಕೆಂಪನ್ನು ಡೇವಿಡ್ ಬ್ರೂಸ್ಟರ್ 1833ರಲ್ಲೇ ಗಮನಿಸಿದ್ದರು. ಇಲ್ಲಿ ಇಳಿತ ಇನ್ನೂ ದೊಡ್ಡದು. ನೀಲಿ ಬೆಳಕು ಕ್ಲೋರೋಫಿಲ್ಲನ್ನು ಆ ಮೇಲಂತಸ್ತಿಗಿಂತಲೂ ಮೇಲಿನ ಇನ್ನೊಂದು ಅಂತಸ್ತಿಗೆ ಏರಿಸಿದರೂ, ಬೆಳಕು ಬಿಡುವ ಮೊದಲು ಅದು ಮೇಲಂತಸ್ತಿನ ತಳಕ್ಕೆ ಜಾರಿಬಿಡುತ್ತದೆ. ಹಾಗಾಗಿ ನೀಲಿ ಕೊಟ್ಟರೂ ಕೆಂಪು ಕೊಟ್ಟರೂ ಹೊರಬರುವುದು ಒಂದೇ ಕೆಂಪು.

ಟ್ಯೂಬ್‌ಲೈಟ್‌ಗೂ ಇದೇ ಲೆಕ್ಕ. ಒಳಗಿನ ಪಾದರಸದ ಆವಿ ಕೊಡುವುದು ಮುಖ್ಯವಾಗಿ 254 ನ್ಯಾನೋಮೀಟರ್‌ನ ಕಾಣದ ಬೆಳಕು, ಅಂದರೆ ಕಣವೊಂದಕ್ಕೆ 4.88 ಎಲೆಕ್ಟ್ರಾನ್ ವೋಲ್ಟ್. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ನುಂಗಿ, ಉದಾಹರಣೆಗೆ 550ರ ಹಸಿರು ಕೊಟ್ಟರೆ ಉಳಿದದ್ದು 2.25. ಅರ್ಧಕ್ಕಿಂತ ಹೆಚ್ಚು ಆ ಪುಡಿಯಲ್ಲೇ ಬಿಸಿಯಾಯಿತು.

ಸ್ಟೋಕ್ಸ್ ನಿಯಮಕ್ಕೆ ಅಪವಾದವೂ ಉಂಟು. ಮೊದಲೇ ಕಂಪಿಸುತ್ತಿರುವ ಅಣು ಕೆಳಂತಸ್ತಿನ ಮೇಲಿನ ಮೆಟ್ಟಿಲಿನಿಂದಲೇ ಹೊರಟರೆ, ತನ್ನ ಬಿಸಿಯನ್ನೂ ಸೇರಿಸಿ ನುಂಗಿದ್ದಕ್ಕಿಂತ ಗಿಡ್ಡ ತರಂಗಾಂತರವನ್ನು ಬಿಡಬಲ್ಲದು. ಕೋಣೆಯ ಉಷ್ಣತೆಯಲ್ಲಿ ಆ ಕೊಡುಗೆ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್‌ನಷ್ಟೇ ಆದ್ದರಿಂದ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. 1995ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದವರು ಇಟರ್ಬಿಯಂ ಎಂಬ ಲೋಹವನ್ನು ಬೆರೆಸಿದ ಗಾಜಿನ ಮೇಲೆ ಲೇಸರ್ ಬಿಟ್ಟು ಇದನ್ನೇ ಬಳಸಿಕೊಂಡರು. ಹೊರಬಂದ ಬೆಳಕು ಗಾಜಿನ ಬಿಸಿಯನ್ನೂ ಹೊತ್ತೊಯ್ದು, ಬೆಳಕು ಬಿದ್ದ ಗಾಜು ತಣ್ಣಗಾಯಿತು.