ಗೇರುಬೀಜದ ತೆರಿಗೆ ಯಾವ ಬಾಗಿಲಿಂದ ವಾಪಸ್ ಬರುತ್ತದೆ?

ಮಲ್ಪೆ ಬಂದರಿನಿಂದ ಶುರು ಮಾಡೋಣ. ತಾಜಾ ಬಂಗುಡೆಗೆ ಜಿಎಸ್‌ಟಿ ಇಲ್ಲ. ಆದರೆ ಅದನ್ನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗೆ ಶೇ. 18 ಇದೆ. ಅದೇ ಮೀನನ್ನು ಉಡುಪಿಯ ಹೋಟೆಲಿಗೆ ಮಾರಿದರೆ ಪೆಟ್ಟಿಗೆಯ ಮೇಲೆ ಕೊಟ್ಟ ತೆರಿಗೆ ಹೋಯಿತು, ಅದು ವ್ಯಾಪಾರಿಯ ಖರ್ಚು. ದುಬೈಗೆ ಕಳಿಸಿದರೆ ಆ ತೆರಿಗೆಯನ್ನು ವಾಪಸ್ ಕೇಳಬಹುದು. ಮೀನು ಒಂದೇ, ಪೆಟ್ಟಿಗೆಯೂ ಒಂದೇ, ಎರಡೂ ಕಡೆ ಬಿಲ್ಲಿನಲ್ಲಿ ತೆರಿಗೆ ಸೊನ್ನೆಯೇ. ಹಾಗಾದರೆ ವ್ಯತ್ಯಾಸ ಎಲ್ಲಿ?

ಮೊದಲನೆಯದು ವಿನಾಯಿತಿ, ಎರಡನೆಯದು ಶೂನ್ಯ ದರ. ವಿನಾಯಿತಿ ಅಂದರೆ ಮಾರುವಾಗ ತೆರಿಗೆ ಇಲ್ಲ, ಆದರೆ ಕೊಳ್ಳುವಾಗ ಕೊಟ್ಟದ್ದು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಶೂನ್ಯ ದರ ಅಂದರೆ ಮಾರುವಾಗಲೂ ಇಲ್ಲ, ಹಿಂದೆ ಕೊಟ್ಟದ್ದೂ ಕೈಗೆ ಬರುತ್ತದೆ. ಐಜಿಎಸ್‌ಟಿ ಅಂದರೆ ರಾಜ್ಯದ ಗಡಿ ದಾಟುವ ವ್ಯಾಪಾರಕ್ಕೂ ಆಮದು-ರಫ್ತಿಗೂ ಇರುವ ಜಿಎಸ್‌ಟಿ. 2017ರ ಐಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ರಫ್ತನ್ನು ಶೂನ್ಯ ದರಕ್ಕೆ ಸೇರಿಸಿದೆ. ದೇಶದೊಳಗೆ ವಿನಾಯಿತಿ ಇರುವ ವಸ್ತುವನ್ನು ರಫ್ತು ಮಾಡಿದರೂ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯ ಜಮೆ, ಸಿಗುತ್ತದೆ ಅಂತ ಅದೇ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿಯೇ.

ಈಗ ಗೇರುಬೀಜಕ್ಕೆ ಬರೋಣ. ಮಂಗಳೂರು, ಕಾರ್ಕಳ ಕಡೆಯ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ. ಆಫ್ರಿಕಾದಿಂದ ಹಸಿ ಬೀಜ ತರಿಸುತ್ತಾರೆ. ಆ ಬೀಜದ ಮೇಲೆ ಎರಡು ಬೇರೆ ಬೇರೆ ತೆರಿಗೆ ಬೀಳುತ್ತದೆ. ಒಂದು ಮೂಲ ಕಸ್ಟಮ್ಸ್ ಸುಂಕ. 2018ರ ಬಜೆಟ್‌ನಲ್ಲಿ ಅದನ್ನು ಶೇ. 5ರಿಂದ ಶೇ. 2.5ಕ್ಕೆ ಇಳಿಸಿದರು. ಇನ್ನೊಂದು ಐಜಿಎಸ್‌ಟಿ, ಶೇ. 5. ಎರಡನ್ನೂ ಒಂದೇ ದಿನ ಕಸ್ಟಮ್ಸ್‌ಗೆ ಕಟ್ಟುತ್ತೇವೆ, ಹಾಗಾಗಿ ಎರಡೂ ಒಂದೇ ಜಾತಿ ಅನ್ನಿಸುತ್ತದೆ. ಅಲ್ಲ. ಐಜಿಎಸ್‌ಟಿ ಕ್ರೆಡಿಟ್ ಲೆಡ್ಜರ್‌ಗೆ ಹೋಗುತ್ತದೆ. ಸುಂಕ ಎಲ್ಲಿಗೂ ಹೋಗುವುದಿಲ್ಲ, ಬೀಜದ ಬೆಲೆಯೊಳಗೆ ಕೂತುಬಿಡುತ್ತದೆ. ಇದು ತಲೆಯಲ್ಲಿ ನಿಂತರೆ ಉಳಿದದ್ದು ಸುಲಭ.

ಒಂದು ಕಲ್ಪಿತ ಕಾರ್ಖಾನೆಯ ಒಂದು ತಿಂಗಳ ಲೆಕ್ಕ ನೋಡೋಣ. ಸರ್ಚಾರ್ಜ್ ಬಿಟ್ಟಿದ್ದೇನೆ, ಅಂಕಿ ಸರಳವಾಗಿರಲಿ ಅಂತ. ತರಿಸಿದ ಬೀಜದ ಮೌಲ್ಯ 80 ಲಕ್ಷ. ಸುಂಕ 2 ಲಕ್ಷ. ಐಜಿಎಸ್‌ಟಿ ಲೆಕ್ಕ ಹಾಕುವುದು ಸುಂಕವನ್ನೂ ಸೇರಿಸಿದ 82 ಲಕ್ಷದ ಮೇಲೆ, ಅಂದರೆ 4.10 ಲಕ್ಷ. ತಗಡಿನ ಡಬ್ಬ, ರಟ್ಟಿನ ಪೆಟ್ಟಿಗೆ ಇತ್ಯಾದಿಗೆ ಕೊಟ್ಟ ಜಿಎಸ್‌ಟಿ 30 ಸಾವಿರ. ಒಟ್ಟು ಕ್ರೆಡಿಟ್ 4.40 ಲಕ್ಷ. ತಿರುಳನ್ನು ಊರಿನಲ್ಲಿ 40 ಲಕ್ಷಕ್ಕೆ ಮಾರಿದ್ದಾರೆ, ಹೊರದೇಶಕ್ಕೆ 60 ಲಕ್ಷಕ್ಕೆ.

ಊರಿನ ಮಾರಾಟಕ್ಕೆ ಶೇ. 5ರಂತೆ 2 ಲಕ್ಷ ತೆರಿಗೆ. ಅದನ್ನು ಕ್ರೆಡಿಟ್‌ನಿಂದ ಕಟ್ಟಿದರು. ಲೆಡ್ಜರ್‌ನಲ್ಲಿ ಉಳಿದದ್ದು 2.40 ಲಕ್ಷ. ರಫ್ತಿಗೆ ಮೊದಲೇ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ಕಳಿಸುತ್ತೇನೆ ಎಂಬ ಮುಚ್ಚಳಿಕೆ, ಕೊಟ್ಟಿದ್ದರು. ಹಾಗಾಗಿ ರಫ್ತಿನ ಮೇಲೆ ಏನೂ ಕಟ್ಟಲಿಲ್ಲ. ಈಗ ರೀಫಂಡ್ ಎಷ್ಟು? ಜಿಎಸ್‌ಟಿ ನಿಯಮ 89ರ ಸೂತ್ರ ಹೀಗಿದೆ:

```
ರಫ್ತು ವಹಿವಾಟು × ನಿವ್ವಳ ಕ್ರೆಡಿಟ್ ÷ ಒಟ್ಟು ವಹಿವಾಟು
60 × 4.40 ÷ 100 = 2.64 ಲಕ್ಷ
```

ಸೂತ್ರ 2.64 ಅನ್ನುತ್ತದೆ, ಲೆಡ್ಜರ್‌ನಲ್ಲಿ ಇರುವುದು 2.40. ಯಾವುದು ಕಡಿಮೆಯೋ ಅದು. ಹಾಗಾಗಿ 2.40 ಲಕ್ಷ. ಯಂತ್ರಕ್ಕೆ ಕೊಟ್ಟ ಜಿಎಸ್‌ಟಿಯನ್ನು ನಿವ್ವಳ ಕ್ರೆಡಿಟ್‌ಗೆ ಸೇರಿಸುವಂತಿಲ್ಲ. ಹೊಸ ಬಾಯ್ಲರ್ ಕೂರಿಸಿದ ತಿಂಗಳು ಇದನ್ನು ಮರೆತು ಲೆಕ್ಕ ತಪ್ಪಿಸಿಕೊಳ್ಳುವವರು ಬಹಳ.

ಇನ್ನೊಂದು ದಾರಿಯೂ ಇದೆ. ರಫ್ತಿನ ಮೇಲೆ ಐಜಿಎಸ್‌ಟಿ ಕಟ್ಟಿ, ಆಮೇಲೆ ಅದನ್ನೇ ವಾಪಸ್ ಪಡೆಯುವುದು. 60 ಲಕ್ಷಕ್ಕೆ 3 ಲಕ್ಷ. ಕೈಯಲ್ಲಿ ಕ್ರೆಡಿಟ್ 2.40 ಮಾತ್ರ, ಹಾಗಾಗಿ 60 ಸಾವಿರ ನಗದು ಹಾಕಬೇಕು. ಆಮೇಲೆ 3 ಲಕ್ಷ ಬರುತ್ತದೆ. 3 ಲಕ್ಷದಲ್ಲಿ 60 ಸಾವಿರ ಕಳೆದರೆ ಮತ್ತೆ 2.40! ಎರಡು ದಾರಿಯಲ್ಲೂ ಉತ್ತರ ಒಂದೇ ಬಂದದ್ದು ನೋಡಿ ನನಗೆ ಮೊದಲ ಸಲ ಈ ವಿಷಯ ಅರ್ಥವಾಯಿತು. ಈ ಲೆಕ್ಕದಲ್ಲಿ ಬೇರೆಯಾಗುವುದು ಕಾಗದದ ಓಡಾಟ ಮಾತ್ರ. ಮೊದಲ ದಾರಿಯಲ್ಲಿ ನಾವೇ ಅರ್ಜಿ ಹಾಕಬೇಕು, ಎರಡನೆಯದರಲ್ಲಿ ಶಿಪ್ಪಿಂಗ್ ಬಿಲ್, ಅಂದರೆ ರಫ್ತಿನ ವಿವರ ಬರೆದು ಕಸ್ಟಮ್ಸ್‌ಗೆ ಕೊಡುವ ದಾಖಲೆ, ಅದೇ ಅರ್ಜಿ.

ಜಿಎಸ್‌ಟಿ ಬಾಗಿಲು ಅಲ್ಲಿಗೆ ಮುಗಿಯಿತು. ಆ 2 ಲಕ್ಷ ಸುಂಕದ ಕತೆ ಏನು? ಅದಕ್ಕೆ ಬೇರೆ ಬಾಗಿಲು, ಡ್ರಾಬ್ಯಾಕ್, ಅಂದರೆ ರಫ್ತಾದ ಸರಕಿನೊಳಗೆ ಕೂತ ಸುಂಕವನ್ನು ವಾಪಸ್ ಕೊಡುವುದು. 1962ರ ಕಸ್ಟಮ್ಸ್ ಕಾಯ್ದೆಯ 75ನೇ ಸೆಕ್ಷನ್. ಈಗಿನ ಡ್ರಾಬ್ಯಾಕ್‌ನಲ್ಲಿ ಜಿಎಸ್‌ಟಿ ಇಲ್ಲ, ಹಾಗಾಗಿ ಎರಡೂ ಬಾಗಿಲು ತಟ್ಟಿದರೆ ಒಂದೇ ತೆರಿಗೆಯನ್ನು ಎರಡು ಸಲ ಕೇಳಿದಂತೆ ಆಗುವುದಿಲ್ಲ.

ಡ್ರಾಬ್ಯಾಕ್‌ನಲ್ಲಿ ಪ್ರತಿಯೊಬ್ಬರ ಸುಂಕದ ರಸೀದಿ ನೋಡುತ್ತಾ ಕೂರುವುದಿಲ್ಲ. ಇಡೀ ಉದ್ಯಮಕ್ಕೆ ಒಂದು ಸರಾಸರಿ ದರ ಗೊತ್ತುಮಾಡಿ, ರಫ್ತಿನ ಎಫ್‌ಒಬಿ ಬೆಲೆಯ, ಅಂದರೆ ಹಡಗು ಹತ್ತಿಸುವವರೆಗಿನ ಬೆಲೆಯ, ಶೇಕಡಾವಾರು ಕೊಡುತ್ತಾರೆ. ಸರಾಸರಿ ಅಂದಮೇಲೆ ಊರಿನ ಬೀಜ ಹುರಿಯುವವನೂ ಆಫ್ರಿಕಾದ ಬೀಜ ಹುರಿಯುವವನೂ ಅದರೊಳಗೇ ಬಂದರು. ಪೂರ್ತಿ ಆಮದಿನ ಮೇಲೆ ನಡೆಯುವ ನಮ್ಮ ಕಾರ್ಖಾನೆಗೆ ಇದು ಕಡಿಮೆ ಬೀಳಬಹುದು. ನಮ್ಮ ಲೆಕ್ಕದಲ್ಲಿ ರಫ್ತಿಗೆ ಹೋದ ಭಾಗದ ಸುಂಕ ಸುಮಾರು 1.20 ಲಕ್ಷ ಅನ್ನೋಣ. ದರ ಶೇ. 1 ಅಂತ ಇಟ್ಟುಕೊಂಡರೆ (ಇದು ಬರೀ ಉದಾಹರಣೆ) ಸಿಗುವುದು 60 ಸಾವಿರ. ಅರ್ಧ ಹೋಯಿತಲ್ವಾ?

ಇಂಥವರಿಗೆಂದೇ ಬ್ರ್ಯಾಂಡ್ ರೇಟ್ ಇದೆ. 2017ರ ಡ್ರಾಬ್ಯಾಕ್ ನಿಯಮಗಳ 7ನೇ ನಿಯಮದ ಪ್ರಕಾರ, ಸರಾಸರಿ ದರದಲ್ಲಿ ಸಿಗುವುದು ನಿಜವಾಗಿ ಕಟ್ಟಿದ ಸುಂಕದ ಶೇ. 80ಕ್ಕಿಂತ ಕಡಿಮೆಯಾದರೆ ನಿಮ್ಮದೇ ದರ ಕೇಳಬಹುದು. 1.20 ಲಕ್ಷದ ಶೇ. 80 ಅಂದರೆ 96 ಸಾವಿರ. 60 ಸಾವಿರ ಅದಕ್ಕಿಂತ ಕಡಿಮೆ, ಹಾಗಾಗಿ ಅರ್ಹರು. ಆದರೆ ಯಾವ ಬಿಲ್ ಆಫ್ ಎಂಟ್ರಿಯ, ಅಂದರೆ ಯಾವ ಆಮದು ದಾಖಲೆಯ, ಬೀಜ ಯಾವ ಡಬ್ಬಕ್ಕೆ ಹೋಯಿತು, ಒಂದು ಕೆಜಿ ತಿರುಳಿಗೆ ಎಷ್ಟು ಹಸಿ ಬೀಜ ಬೇಕಾಯಿತು ಎಂಬ ಲೆಕ್ಕ ಇಟ್ಟಿರಬೇಕು. ಗೋದಾಮಿನಲ್ಲಿ ಊರಿನ ಬೀಜವನ್ನೂ ಆಮದು ಬೀಜವನ್ನೂ ಒಂದೇ ರಾಶಿ ಹಾಕಿದವರಿಗೆ ಇದು ಆಗುವ ಮಾತಲ್ಲ. ಹೊರಗಿನ ದುಡ್ಡು ಅವಧಿಯೊಳಗೆ ಬರದಿದ್ದರೆ ಕೊಟ್ಟ ಡ್ರಾಬ್ಯಾಕನ್ನು ವಾಪಸ್ ವಸೂಲಿ ಮಾಡುತ್ತಾರೆ, ಅದೂ ನೆನಪಿರಲಿ.

ಇನ್ನು ದುಡ್ಡು ಎಲ್ಲಿ ನಿಲ್ಲುತ್ತದೆ ಎಂಬುದು. ಪಣಂಬೂರಿನ ಹತ್ತಿರ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ನಾನು ಕೆಲವು ತಿಂಗಳು ಕೆಲಸ ಕಲಿತೆ. ಐಜಿಎಸ್‌ಟಿ ಕಟ್ಟಿ ಕಳಿಸಿದ ಒಂದು ಕಂಟೇನರಿನ ರೀಫಂಡ್ ಬರಲೇ ಇಲ್ಲ. ಪರದೆಯಲ್ಲಿ `SB005` ಅಂತ ತೋರಿಸುತ್ತಿತ್ತು. ನಾನು ತೆರಿಗೆ ಮೊತ್ತ ತಪ್ಪಿದೆಯೇನೋ ಅಂತ ಎರಡು ಸಲ ಕೂಡಿಸಿ ನೋಡಿದೆ. ಪಕ್ಕದ ಟೇಬಲಿನ ಅಣ್ಣ ನಕ್ಕರು. "ಮೊತ್ತ ಬಿಡು ಮಾರಾಯ, ಇನ್‌ವಾಯ್ಸ್ ನಂಬರ್ ನೋಡು" ಅಂದರು. ಶಿಪ್ಪಿಂಗ್ ಬಿಲ್‌ನಲ್ಲಿ 0087, ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಬರೀ 87. ಬರೆದವನು ನಾನೇ. ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಬಿಲ್ಲು. ಯಾವ ನಂಬರ್ ಯಾವುದಕ್ಕೆ ಸಮ ಅಂತ ಹೊಂದಾಣಿಕೆ ಪಟ್ಟಿ ಬರೆದು, ಸಹಿ ಹಾಕಿಸಿ ಕಸ್ಟಮ್ಸ್‌ಗೆ ಕೊಟ್ಟೆವು.

`SB002` ಬಂದರೆ ಮಾತ್ರ ನಮ್ಮ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಡಗಿನವರು ಇಜಿಎಂ, ಅಂದರೆ ಹಡಗು ಹೊತ್ತೊಯ್ದ ಸರಕಿನ ಪಟ್ಟಿ, ಸಲ್ಲಿಸಿಲ್ಲ ಅಂತ ಅರ್ಥ. ಸರಕು ದೇಶ ಬಿಟ್ಟಿದೆ ಅಂತ ಹೇಳಬೇಕಾದವರು ಅವರು. ಅವರು ಹೇಳುವವರೆಗೆ ಕಡಲು ದಾಟಿದ ಗೋಡಂಬಿಯೂ ಲೆಕ್ಕದಲ್ಲಿ ಪಣಂಬೂರಿನಲ್ಲೇ ಇರುತ್ತದೆ. ಆಗ ಶಿಪ್ಪಿಂಗ್ ಲೈನ್‌ಗೆ ಫೋನ್ ಮಾಡಬೇಕು, ತೆರಿಗೆ ಆಫೀಸಿಗೆ ಅಲ್ಲ.