ಒಂದು ಸಿಎನ್‌ಸಿ ಲೇತ್, ಎರಡು ಸವಕಳಿ ಲೆಕ್ಕ

ಹೊಸ ಮಷೀನು ಬಂದ ವರ್ಷ ಸಣ್ಣ ಕಂಪನಿಗಳ ಮಾಲೀಕರು ಕೇಳುವ ಪ್ರಶ್ನೆ ಒಂದೇ: ಸವಕಳಿಯನ್ನು ಎಸ್‌ಎಲ್‌ಎಂನಲ್ಲಿ ಹಾಕೋಣವೋ, ಡಬ್ಲ್ಯೂಡಿವಿಯಲ್ಲಿ ಹಾಕೋಣವೋ? ಎಸ್‌ಎಲ್‌ಎಂ ಅಂದರೆ ಪ್ರತಿ ವರ್ಷ ಸಮನಾದ ಮೊತ್ತ. ಡಬ್ಲ್ಯೂಡಿವಿ ಅಂದರೆ ಉಳಿದಿರುವ ಪುಸ್ತಕ ಬೆಲೆಯ ಮೇಲೆ ಒಂದೇ ದರ. ಮೊದಲು ಜಾಸ್ತಿ, ಬರಬರುತ್ತಾ ಕಡಿಮೆ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್ ಮೂರರಲ್ಲೂ ಇದಕ್ಕೆ ಸಿದ್ಧ ಫಂಕ್ಷನ್‌ಗಳಿವೆ, ಹೆಸರೂ ಒಂದೇ: SLN ಮತ್ತು DB. ಎರಡಕ್ಕೂ ಕೊಡುವ ಮೊದಲ ಮೂರು ಸಂಖ್ಯೆಗಳೂ ಒಂದೇ. ಆದರೆ ಆ ಮೂರರಲ್ಲಿ ಒಂದನ್ನು, ಅಂದರೆ ಆಯುಷ್ಯ ಮುಗಿದ ಮೇಲೆ ಮಷೀನಿಗೆ ಸಿಗಬಹುದಾದ ಉಳಿಕೆ ಬೆಲೆಯನ್ನು, ಇವೆರಡೂ ಪೂರ್ತಿ ಬೇರೆ ರೀತಿ ಬಳಸುತ್ತವೆ. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಪೀಣ್ಯದ ಒಂದು ವರ್ಕ್‌ಶಾಪಿಗೆ 20 ಲಕ್ಷದ ಸಿಎನ್‌ಸಿ ಲೇತ್ ಬಂತು ಅಂದುಕೊಳ್ಳಿ. ನಡೆಸುತ್ತಿರುವುದು ಪ್ರೈವೇಟ್ ಲಿಮಿಟೆಡ್ ಕಂಪನಿ. 2013ರ ಕಂಪನಿ ಕಾಯ್ದೆಯ ಎರಡನೇ ಷೆಡ್ಯೂಲಿನಲ್ಲಿ ಸಾಮಾನ್ಯ ಯಂತ್ರಗಳಿಗೆ 15 ವರ್ಷ ಆಯುಷ್ಯ ಕೊಟ್ಟಿದ್ದಾರೆ. ಉಳಿಕೆ ಬೆಲೆ ಸಾಮಾನ್ಯವಾಗಿ ಖರೀದಿ ಬೆಲೆಯ 5% ಮೀರಬಾರದು. ಹಾಗಾಗಿ ಉಳಿಕೆ 1 ಲಕ್ಷ ಅಂತ ಇಡೋಣ. ಶೀಟಿನಲ್ಲಿ B1ರಲ್ಲಿ ಖರೀದಿ ಬೆಲೆ, B2ರಲ್ಲಿ ಉಳಿಕೆ, B3ರಲ್ಲಿ ಆಯುಷ್ಯ. A6ರಿಂದ A20ರವರೆಗೆ ವರ್ಷ 1ರಿಂದ 15. ಪಕ್ಕದ ಎರಡು ಕಾಲಂಗಳಲ್ಲಿ ಇವನ್ನು ಹಾಕಿ ಕೆಳಗೆ ಎಳೆಯಿರಿ:

```
=SLN($B$1,$B$2,$B$3)
=DB($B$1,$B$2,$B$3,A6)
```

SLNನಲ್ಲಿ ಎಲ್ಲ ಸಾಲಿಗೂ 1,26,667 ಬರುತ್ತದೆ. DBಯಲ್ಲಿ ಮೊದಲ ವರ್ಷ 3,62,000, ಎರಡನೇ ವರ್ಷ 2,96,478, ಮೂರನೇ ವರ್ಷ 2,42,815. ಆರನೇ ವರ್ಷದಲ್ಲೂ DB ಸ್ವಲ್ಪ ಮೇಲೇ ಇರುತ್ತದೆ, 1,33,391. ಏಳನೇ ವರ್ಷ 1,09,248ಕ್ಕೆ ಇಳಿದು SLNಗಿಂತ ಕೆಳಗೆ ಹೋಗುತ್ತದೆ.

ಈ 3,62,000 ಎಲ್ಲಿಂದ ಬಂತು? ನಾವು DBಗೆ ಯಾವ ದರವನ್ನೂ ಕೊಟ್ಟಿಲ್ಲ. ಅದು ತಾನೇ ದರ ಕಂಡುಹಿಡಿದುಕೊಳ್ಳುತ್ತದೆ. 15 ವರ್ಷಕ್ಕೆ 20 ಲಕ್ಷ ಕರಗಿ 1 ಲಕ್ಷಕ್ಕೆ ಬಂದು ನಿಲ್ಲಬೇಕಾದರೆ ವರ್ಷಕ್ಕೆ ಎಷ್ಟು ಪರ್ಸೆಂಟ್ ಕಳೆಯಬೇಕು ಅನ್ನುವ ಲೆಕ್ಕ ಅದು:

```
=ROUND(1-(B2/B1)^(1/B3),3)
```

ಉತ್ತರ 0.181, ಅಂದರೆ 18.1%. ಆ ROUND ನಾನು ಸುಮ್ನೆ ಸೇರಿಸಿದ್ದಲ್ಲ. DB ಒಳಗೊಳಗೇ ದರವನ್ನು ಮೂರು ದಶಮಾಂಶಕ್ಕೆ ರೌಂಡ್ ಮಾಡುತ್ತದೆ. ಅದರಿಂದಾಗಿ 15ನೇ ವರ್ಷದ ಕೊನೆಗೆ ಪುಸ್ತಕ ಬೆಲೆ ಸರಿಯಾಗಿ 1 ಲಕ್ಷಕ್ಕೆ ಬರುವುದಿಲ್ಲ, ಸುಮಾರು 66 ರೂಪಾಯಿ ಜಾಸ್ತಿ ಉಳಿಯುತ್ತದೆ. ಶೀಟಿನ ಮೊತ್ತ ತಾಳೆಯಾಗದೆ ಅಕೌಂಟೆಂಟ್‌ಗಳು ತಲೆ ಕೆಡಿಸಿಕೊಳ್ಳುವುದನ್ನು ಕಂಡಿದ್ದೇನೆ. ಕೊನೆಯ ವರ್ಷದ ಸವಕಳಿಗೆ ಆ 66 ಸೇರಿಸಿ ಮುಗಿಸಿಬಿಡಿ.

ಈಗ ಉಳಿಕೆ ಬೆಲೆಯ ವಿಷಯಕ್ಕೆ ಬರೋಣ. ಆಯುಷ್ಯ ಮುಗಿದ ಯಂತ್ರವನ್ನು ಪುಸ್ತಕದಲ್ಲಿ 1 ರೂಪಾಯಿಗೆ ಉಳಿಸಿಕೊಳ್ಳುವ ರೂಢಿ ಅನೇಕ ಕಡೆ ಇದೆ. ಆ ರೂಢಿಯಂತೆ B2ರಲ್ಲಿ 1 ಹಾಕಿ ನೋಡಿ. SLN 1,26,667ರಿಂದ 1,33,333ಕ್ಕೆ ಏರುತ್ತದೆ, ಅಷ್ಟೇ. DB? ದರ 62% ಆಗಿಬಿಡುತ್ತದೆ. ಮೊದಲ ವರ್ಷವೇ 12,40,000 ಸವಕಳಿ! 15 ವರ್ಷ ಓಡಬೇಕಾದ ಲೇತಿನ ಅರ್ಧಕ್ಕಿಂತ ಹೆಚ್ಚು ಬೆಲೆ ಒಂದೇ ವರ್ಷದಲ್ಲಿ ಹೋಯಿತು. ಇನ್ನೂ ಮುಂದೆ ಹೋಗಿ ಸೊನ್ನೆ ಹಾಕಿದರೆ ಸೂತ್ರದ ಪ್ರಕಾರ ದರ 100%. 20 ಲಕ್ಷ ಪೂರ್ತಿ ಮೊದಲ ವರ್ಷಕ್ಕೇ ಬೀಳುತ್ತದೆ, ಉಳಿದ 14 ಸಾಲುಗಳಲ್ಲಿ ಬರೀ ಸೊನ್ನೆ. ಎರರ್ ಏನೂ ಬರುವುದಿಲ್ಲ. ಮೊತ್ತ ಕೂಡಿಸಿದರೆ ಸರಿಯಾಗೇ ಇರುತ್ತದೆ. ಹಾಗಾಗಿಯೇ ಇದು ಕಣ್ಣಿಗೆ ಬೀಳುವುದಿಲ್ಲ.

ಕಾರಣ ಸರಳ. SLN ಉಳಿಕೆ ಬೆಲೆಯನ್ನು ಒಂದು ಸಲ ಕಳೆದು, ಉಳಿದದ್ದನ್ನು 15 ಪಾಲು ಮಾಡುತ್ತದೆ. ಲಕ್ಷ ರೂಪಾಯಿ ಹೆಚ್ಚುಕಮ್ಮಿಯಾದರೂ ಪ್ರತಿ ಪಾಲಿನಲ್ಲಿ ಆರೂಮುಕ್ಕಾಲು ಸಾವಿರಕ್ಕಿಂತ ಹೆಚ್ಚು ವ್ಯತ್ಯಾಸ ಬರದು. DBಯಲ್ಲಿ ಉಳಿಕೆ ಬೆಲೆಯೇ ದರವನ್ನು ನಿರ್ಧರಿಸುತ್ತದೆ. 5% ಬದಲು 2.5% ಉಳಿಕೆ ಇಟ್ಟರೂ ದರ 18.1ರಿಂದ 21.8ಕ್ಕೆ ಜಿಗಿಯುತ್ತದೆ. ಆದ್ದರಿಂದ ಡಬ್ಲ್ಯೂಡಿವಿ ಆರಿಸಿಕೊಂಡವರು ಉಳಿಕೆ ಬೆಲೆಯನ್ನು ಅಂದಾಜಿಗೆ ಬರೆಯಬಾರದು. ಹಳೇ ಮಷೀನು ಕೊಳ್ಳುವ ಡೀಲರುಗಳನ್ನೇ ಕೇಳಿ, ಗುಜರಿ ತೂಕಕ್ಕೆ ಹೋದರೆ ಎಷ್ಟು ಸಿಗುತ್ತದೆ ನೋಡಿ, ಆಮೇಲೆ ಹಾಕಿ.

DDB ಅನ್ನುವ ಇನ್ನೊಂದು ಫಂಕ್ಷನ್ ಇದೆ. ಹೆಸರು ಹತ್ತಿರವಿದೆ ಅಂತ ಅದನ್ನು DB ಬದಲು ಬಳಸುವವರಿದ್ದಾರೆ. ಅದು ದರಕ್ಕಾಗಿ ಉಳಿಕೆ ಬೆಲೆಯನ್ನು ನೋಡುವುದೇ ಇಲ್ಲ. 2ನ್ನು ಆಯುಷ್ಯದಿಂದ ಭಾಗಿಸುತ್ತದೆ. ನಮ್ಮ ಲೇತಿಗೆ 2/15, ಅಂದರೆ 13.33%. ಆ ದರದಲ್ಲಿ 15 ವರ್ಷ ಕಳೆದರೂ ಪುಸ್ತಕ ಬೆಲೆ ಸುಮಾರು 2,33,800ರಲ್ಲೇ ನಿಂತಿರುತ್ತದೆ. 1 ಲಕ್ಷ ಮುಟ್ಟುವುದೇ ಇಲ್ಲ. ಎರಡನೇ ಷೆಡ್ಯೂಲಿನ ಲೆಕ್ಕಕ್ಕೆ ಇದು ಹೊಂದುವುದಿಲ್ಲ, ಬಿಟ್ಟುಬಿಡಿ.

ಮುಂದಿನ ತೊಡಕು ತಿಂಗಳದ್ದು. ಲೇತ್ ಅಕ್ಟೋಬರ್ 1ಕ್ಕೆ ಬಂತು ಅನ್ನಿ. DBಗೆ ಕೊನೆಯಲ್ಲಿ ಒಂದು ಹೆಚ್ಚುವರಿ ಸಂಖ್ಯೆ ಕೊಡಬಹುದು. ಅದು ಮೊದಲ ವರ್ಷದಲ್ಲಿ ಎಷ್ಟು ತಿಂಗಳು ಸಿಕ್ಕಿತು ಅನ್ನುವುದು. ಮಾರ್ಚಿಗೆ ವರ್ಷ ಮುಗಿಯುವ ನಮಗೆ ಅದು 6:

```
=DB($B$1,$B$2,$B$3,A6,6)
```

ಮೊದಲ ವರ್ಷ 1,81,000 ಬರುತ್ತದೆ. ಅಕ್ಟೋಬರ್ ಅಂದರೆ ಹತ್ತನೇ ತಿಂಗಳು ಅಲ್ವಾ ಅಂತ 10 ಹಾಕಿದರೆ 3,01,667 ಬರುತ್ತದೆ, ಒಂದು ಲಕ್ಷ ಇಪ್ಪತ್ತು ಸಾವಿರ ಜಾಸ್ತಿ. ಇಲ್ಲೂ ಎರರ್ ಇಲ್ಲ. ಇನ್ನೊಂದು ವಿಷಯ, ಮೊದಲ ವರ್ಷ ಅರ್ಧವಾದರೆ ಉಳಿದ ಅರ್ಧ 16ನೇ ಸಾಲಿಗೆ ಹೋಗುತ್ತದೆ. ಶೀಟನ್ನು ಒಂದು ಸಾಲು ಮುಂದಕ್ಕೆ ಎಳೆಯಬೇಕು. SLNನಲ್ಲಿ ತಿಂಗಳ ಸೌಲಭ್ಯವೇ ಇಲ್ಲ. ಮೊದಲ ವರ್ಷ ನೀವೇ 6/12ರಿಂದ ಗುಣಿಸಿ 63,333 ಹಾಕಬೇಕು, 16ನೇ ವರ್ಷ ಉಳಿದ 63,333.

ಇದೇ ಶೀಟನ್ನು ಆದಾಯ ತೆರಿಗೆ ಲೆಕ್ಕಕ್ಕೆ ಒಯ್ಯಬೇಡಿ. ಅಲ್ಲಿ ಸಾಮಾನ್ಯ ಯಂತ್ರಗಳಿಗೆ ದರ 15%, ಅದೂ ಒಂದೇ ದರದ ಯಂತ್ರಗಳನ್ನೆಲ್ಲ ಸೇರಿಸಿದ ಇಡೀ ಬ್ಲಾಕಿನ ಮೇಲೆ. ಉಳಿಕೆ ಬೆಲೆ ಇಲ್ಲ, ಆಯುಷ್ಯ ಇಲ್ಲ, ತಿಂಗಳ ಲೆಕ್ಕವೂ ಇಲ್ಲ. ಖರೀದಿಸಿದ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ, ಇಲ್ಲದಿದ್ದರೆ ಪೂರ್ತಿ. ಅಕ್ಟೋಬರ್ 1ಕ್ಕೇ ಓಡಲು ಶುರುವಾದ ಲೇತಿಗೆ ಮಾರ್ಚ್ 31ರವರೆಗೆ 182 ದಿನ ಆಗುತ್ತದೆ. ಪೂರ್ತಿ 3 ಲಕ್ಷ ಸಿಗುತ್ತದೆ. ಅಕ್ಟೋಬರ್ 5ಕ್ಕೆ ಓಡಿಸಿದರೆ 178 ದಿನ, 1.5 ಲಕ್ಷ ಮಾತ್ರ. ಬಿಲ್ಲಿನ ತಾರೀಖಲ್ಲ, ಬಳಕೆಗೆ ಬಂದ ತಾರೀಖು ಮುಖ್ಯ. ಮಷೀನು ಕೂರಿಸಿದ ದಿನದ ವರದಿಗೆ ಸಹಿ ಹಾಕಿಸಿ ಫೈಲಿನಲ್ಲಿಡಿ.

ಸರಿ, ಕಂಪನಿಯ ಪುಸ್ತಕಕ್ಕೆ ಯಾವುದು ಒಳ್ಳೆಯದು? ಮೊದಲ ವರ್ಷ ಎರಡರ ನಡುವೆ 2,35,333 ವ್ಯತ್ಯಾಸವಿದೆ. ಲಾಭ ಅಷ್ಟು ಕಡಿಮೆ ಕಾಣುತ್ತದೆ ಅಂತ ಮಾಲೀಕರು ಹೆದರುತ್ತಾರೆ, ಬ್ಯಾಂಕಿನವರು ಏನಂತಾರೋ ಅಂತ. ಸಾಲ ತೀರಿಸುವ ಶಕ್ತಿ ನೋಡುವಾಗ ಬ್ಯಾಂಕಿನವರು ಸವಕಳಿಯನ್ನು ಲಾಭಕ್ಕೆ ವಾಪಸ್ ಸೇರಿಸಿಯೇ ನೋಡುತ್ತಾರೆ. ಯಾಕೆಂದರೆ ಆ ದುಡ್ಡು ಕೈಬಿಟ್ಟು ಹೋಗಿಲ್ಲ.

ಐದು ವರ್ಷದ ಕೊನೆಗೆ ಲೇತ್ 9 ಲಕ್ಷಕ್ಕೆ ಮಾರಾಟವಾಯಿತು ಅನ್ನೋಣ. SLNನಲ್ಲಿ ಆಗ ಪುಸ್ತಕ ಬೆಲೆ 13,66,667. ಮಾರಿದ ದಿನ 4,66,667 ನಷ್ಟ ತೋರಿಸಬೇಕು. DBಯಲ್ಲಿ ಪುಸ್ತಕ ಬೆಲೆ 7,36,969. ಮಾರಿದ್ದಕ್ಕೆ 1,63,031 ಲಾಭ. ಎರಡರಲ್ಲೂ ಐದು ವರ್ಷದ ಸವಕಳಿಯನ್ನೂ ಈ ಲಾಭ ನಷ್ಟವನ್ನೂ ಸೇರಿಸಿ ನೋಡಿ, ಲೇತಿನ ಒಟ್ಟು ವೆಚ್ಚ ಅದೇ 11 ಲಕ್ಷ. ಆದರೆ SLN ಹಾಕಿದ ಕಂಪನಿ ನಾಲ್ಕು ವರ್ಷ ಚೆನ್ನಾಗಿ ಲಾಭ ತೋರಿಸಿ, ಐದನೇ ವರ್ಷ ನಾಲ್ಕೂಮುಕ್ಕಾಲು ಲಕ್ಷದಷ್ಟು ಹೊಡೆತ ತಿನ್ನುತ್ತದೆ. ಸಿಎನ್‌ಸಿಯಂಥ ಮಷೀನು ಮೊದಲ ವರ್ಷಗಳಲ್ಲೇ ಮಾರುಕಟ್ಟೆ ಬೆಲೆ ಕಳೆದುಕೊಳ್ಳುತ್ತದೆ. ರಿಪೇರಿ ಖರ್ಚು ಮಾತ್ರ ಕೊನೆಯ ವರ್ಷಗಳಲ್ಲಿ ಏರುತ್ತದೆ. ಹಾಗಾಗಿ ನಾನು ಇಂಥವಕ್ಕೆ ಡಬ್ಲ್ಯೂಡಿವಿಯನ್ನೇ ಹೇಳುತ್ತೇನೆ. ಸ್ಟೋರಿನ ರ‍್ಯಾಕು, ವರ್ಕ್‌ಬೆಂಚುಗಳಂಥವು ವರ್ಷ ವರ್ಷವೂ ಒಂದೇ ಥರ ಕೆಲಸ ಮಾಡುತ್ತವೆ, ಅವಕ್ಕೆ ಎಸ್‌ಎಲ್‌ಎಂ ಸಾಕು.

ಎರಡು ಪಾಳಿ ಓಡುವ ವರ್ಕ್‌ಶಾಪಿನಲ್ಲಿ ಮಾತ್ರ DB ಫಂಕ್ಷನ್ ಕೈಕೊಡುತ್ತದೆ. ಇಂಥ ಮಷೀನು ಎರಡು ಪಾಳಿ ಓಡಿದ ಅವಧಿಗೆ ಸವಕಳಿಯನ್ನು 50% ಹೆಚ್ಚಿಸಬೇಕು ಅನ್ನುತ್ತದೆ ಎರಡನೇ ಷೆಡ್ಯೂಲ್, ಮೂರು ಪಾಳಿಗೆ 100%. ಮೊದಲ ವರ್ಷ ಪೂರ್ತಿ ಎರಡು ಪಾಳಿ ಓಡಿದರೆ ಸವಕಳಿ 5,43,000. ಪುಸ್ತಕ ಬೆಲೆ 14,57,000ಕ್ಕೆ ಇಳಿಯಿತು. ಎರಡನೇ ವರ್ಷ ಒಂದೇ ಪಾಳಿ ಆದರೆ ಇದರ 18.1%, ಅಂದರೆ 2,63,717 ಬರಬೇಕು. DB ಕೇಳಿದರೆ ಅದು ಮತ್ತೆ 2,96,478 ಅನ್ನುತ್ತದೆ. ನಿಮ್ಮ ಪುಸ್ತಕದಲ್ಲಿ ಏನಾಗಿದೆ ಅಂತ ಅದಕ್ಕೆ ಗೊತ್ತಿಲ್ಲ, ಪ್ರತಿ ಸಲವೂ 20 ಲಕ್ಷದಿಂದಲೇ ಎಣಿಸಿಕೊಂಡು ಬರುತ್ತದೆ. ಇಂಥ ಕಡೆ ಮೇಲೆ ಕೊಟ್ಟ ದರದ ಸೂತ್ರವನ್ನು B4ರಲ್ಲಿ ಇಡಿ, D ಕಾಲಂನಲ್ಲಿ ವರ್ಷಾರಂಭದ ಪುಸ್ತಕ ಬೆಲೆ, E ಕಾಲಂನಲ್ಲಿ ಪಾಳಿಗೆ ತಕ್ಕಂತೆ 1, 1.5 ಅಥವಾ 2 ಹಾಕಿ, F ಕಾಲಂನಲ್ಲಿ ಸವಕಳಿಗೆ ಈ ಸೂತ್ರ:

```
=MIN(D6*$B$4*E6,D6-$B$2)
```

MIN ಇರುವುದರಿಂದ ಪುಸ್ತಕ ಬೆಲೆ 1 ಲಕ್ಷಕ್ಕಿಂತ ಕೆಳಗೆ ಇಳಿಯುವುದಿಲ್ಲ. ವರ್ಷದ ನಡುವೆ ಪಾಳಿ ಬದಲಾಗಿದ್ದರೆ ಲಾಗ್‌ಬುಕ್ ತೆಗೆದು, ಎರಡು ಪಾಳಿ ಓಡಿದ ದಿನಗಳಿಗೆ ತಕ್ಕಂತೆ E ಕಾಲಂನ ಸಂಖ್ಯೆಯನ್ನು ಸರಿಪಡಿಸಿಕೊಳ್ಳಿ.