ಮನೆಯಲ್ಲೇ ಉಳಿದವಳ ಕೂಲಿ ಎಷ್ಟು?

ಹಾಸನದಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಗಾರ್ಮೆಂಟ್ಸ್‌ಗೆ, ಕಾಫಿ ತೋಟಕ್ಕೆ ಹೋಗುವ ಹೆಂಗಸರ ಓದು, ವಯಸ್ಸು, ಕೂಲಿ ಬರೆದುಕೊಂಡಿದ್ದಳು. "ಸರ್, ಓದಿದ್ರೂ ಕೂಲಿ ಅಷ್ಟೇನೂ ಜಾಸ್ತಿ ಆಗ್ತಿಲ್ಲ" ಎಂದಳು.

"ಕೆಲಸಕ್ಕೆ ಹೋಗದವರು ಎಲ್ಲಿದ್ದಾರಮ್ಮ?" ಎಂದೆ.

"ಅವರಿಗೆ ಕೂಲಿನೇ ಇಲ್ವಲ್ಲ ಸರ್, ಬಿಟ್ಟುಬಿಟ್ಟೆ."

ಎಡವಟ್ಟಾಗಿದ್ದು ಅಲ್ಲೇ. ಇಷ್ಟು ಸಿಕ್ಕಿದರೆ ಮಾತ್ರ ಮನೆ ಬಿಟ್ಟು ಹೊರಡುತ್ತೇನೆ ಅಂತ ಪ್ರತಿ ಹೆಂಗಸಿಗೂ ಒಂದು ಲೆಕ್ಕ ಇರುತ್ತದೆ. ಓದು ಕಡಿಮೆ ಇದ್ದವಳು ಆ ಲೆಕ್ಕ ದಾಟಬೇಕಾದರೆ ಅವಳ ಕೈ ತುಂಬಾ ಚುರುಕಿರಬೇಕು. ಚೆನ್ನಾಗಿ ಓದಿದವಳು ಸಾಧಾರಣ ಚುರುಕಿದ್ದರೂ ದಾಟುತ್ತಾಳೆ. ಹಾಗಾಗಿ ಕೂಲಿ ಪಟ್ಟಿಯಲ್ಲಿ ಸಿಗುವ ಕಡಿಮೆ ಓದಿನವರು ಆರಿಸಿ ತೆಗೆದಂಥವರು. ಚುರುಕುತನಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ಅದಕ್ಕೇ ಓದಿನ ಫಲ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ 1979ರಲ್ಲಿ ಎರಡು ಹೆಜ್ಜೆಯ ದಾರಿ ತೋರಿಸಿದರು. ಮೊದಲು ಎಲ್ಲ ಹೆಂಗಸರನ್ನೂ ಸೇರಿಸಿಕೊಂಡು, ಕೆಲಸಕ್ಕೆ ಹೋಗುವ ಸಾಧ್ಯತೆಯನ್ನು ಪ್ರೊಬಿಟ್ ಎಂಬ ಹೌದು-ಇಲ್ಲ ಉತ್ತರಗಳ ಮಾದರಿಯಿಂದ ಅಂದಾಜು ಮಾಡಬೇಕು. ಅದರಿಂದ ಒಬ್ಬೊಬ್ಬರಿಗೂ z ಎಂಬ ಅಂಕ ಸಿಗುತ್ತದೆ. ಆಮೇಲೆ ಈ ಲೆಕ್ಕ:

λ = φ(z) / Φ(z)

ಇಲ್ಲಿ φ ಅಂದರೆ z ಇರುವಲ್ಲಿ ನಾರ್ಮಲ್ ಗಂಟೆಯಾಕಾರದ ಗೆರೆಯ ಎತ್ತರ, Φ ಅಂದರೆ z ತನಕ ಆ ಗೆರೆಯ ಕೆಳಗಿನ ಪಾಲು, ಅದೇ ಕೆಲಸಕ್ಕೆ ಹೋಗುವ ಸಾಧ್ಯತೆ. λಗೆ ಇನ್ವರ್ಸ್ ಮಿಲ್ಸ್ ರೇಶಿಯೊ ಎನ್ನುತ್ತಾರೆ. z ಒಂದು ಇದ್ದವಳು ಹೋಗುವ ಸಾಧ್ಯತೆ ಶೇ. 84, ಅವಳ λ 0.29. z ಮೈನಸ್ ಒಂದು ಇದ್ದವಳ ಸಾಧ್ಯತೆ ಶೇ. 16 ಮಾತ್ರ, λ 1.53. ಹೋಗಲಾರಳು ಅನ್ನಿಸಿದವಳು ಹೋಗಿದ್ದಾಳೆ ಅಂದರೆ ನಮಗೆ ಕಾಣದ್ದೇನೋ ಅವಳಲ್ಲಿ ಜಾಸ್ತಿ ಇದೆ, ಅಲ್ವಾ? ಎರಡನೇ ಹೆಜ್ಜೆಯಲ್ಲಿ, ದುಡಿಯುವವರ ಕೂಲಿ ಸಮೀಕರಣಕ್ಕೆ ಈ λ ಕೂಡ ಒಂದು ಕಾಲಂ ಆಗಿ ಸೇರುತ್ತದೆ.

ತಿದ್ದಿದ ಮಾತ್ರಕ್ಕೆ ಉತ್ತರ ಬದಲಾಗಲೇಬೇಕು ಅಂತೇನಿಲ್ಲ. ಪಾಠಗಳಲ್ಲಿ ಬಳಸುವ ಮ್ರೋಜ್ ಡೇಟಾದಲ್ಲಿ ಮದುವೆಯಾದ 753 ಅಮೆರಿಕನ್ ಹೆಂಗಸರಿದ್ದಾರೆ, 1975ರಲ್ಲಿ ದುಡಿದವರು 428. ಒಂದು ವರ್ಷದ ಓದಿನ ಫಲ ತಿದ್ದುವ ಮೊದಲು ಸುಮಾರು ಶೇ. 10.8, ತಿದ್ದಿದ ಮೇಲೆ 10.9. λದ ಗುಣಾಂಕ 0.032, ಅದರ ಸ್ಟ್ಯಾಂಡರ್ಡ್ ಎರರ್, ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ, 0.134. ಗುಣಾಂಕಕ್ಕಿಂತ ಎರರ್ ದೊಡ್ಡದು, ಅಂದರೆ ಅಲ್ಲಿ ಹೋಗದವರನ್ನು ಬಿಟ್ಟದ್ದರಿಂದಾದ ದೋಷದ ಸುಳಿವೇ ಸಿಗುವುದಿಲ್ಲ. (ಎರಡನೇ ಹೆಜ್ಜೆಯಲ್ಲಿ ಮಾಮೂಲಿ ಸ್ಟ್ಯಾಂಡರ್ಡ್ ಎರರ್ ನಂಬಬೇಡಿ. λ ಕೂಡ ಅಂದಾಜೇ, ಅದನ್ನು ಲೆಕ್ಕಕ್ಕೆ ಹಿಡಿದ ಎರರ್ ಬೇಕು.)

ನಿಜವಾದ ಕಷ್ಟ ಮೊದಲ ಹೆಜ್ಜೆಯಲ್ಲಿದೆ. ಕೆಲಸಕ್ಕೆ ಹೋಗುವುದನ್ನು ತಡೆಯುವ, ಆದರೆ ಕೂಲಿಯನ್ನು ಮುಟ್ಟದ ಒಂದು ಅಂಶವಾದರೂ ಅಲ್ಲಿ ಬೇಕು. ಇಲ್ಲದಿದ್ದರೆ λ ಹೆಚ್ಚುಕಡಿಮೆ ಓದು, ವಯಸ್ಸಿನ ನೆರಳಾಗುತ್ತದೆ, ಎರರ್‌ಗಳು ಊದಿಕೊಳ್ಳುತ್ತವೆ. ಎಲ್ಲರೂ ಚಿಕ್ಕ ಮಕ್ಕಳ ಸಂಖ್ಯೆ ಹಾಕುತ್ತಾರೆ, ಹಾಸನದ ಹುಡುಗಿಯೂ ಅದನ್ನೇ ಹಾಕಬೇಕೆಂದಿದ್ದಳು. ತಿಂಗಳ ಸಂಬಳದ ಗಾರ್ಮೆಂಟ್ಸ್‌ಗೆ ಅದು ನಡೆದೀತು. ಆದರೆ ಕಾಫಿ ಕೊಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ. ಮಗುವಿಗೆ ಹಾಲು ಕೊಡಲು ಮಧ್ಯೆ ಎದ್ದು ಹೋಗುವವಳು ಕೊಯ್ಯುವ ಹಣ್ಣೇ ಕಡಿಮೆ. ಮಗು ಕೂಲಿಯನ್ನೂ ಮುಟ್ಟಿತು.

ಅದಕ್ಕೆ ಕೊಯ್ಲಿನವರನ್ನು ಬೇರೆ ಇಟ್ಟೆವು. ಅವರಿಗೆ ಮಗುವನ್ನು ಕೂಲಿ ಸಮೀಕರಣದಲ್ಲೂ ಹಾಕಿ, ಮೊದಲ ಹೆಜ್ಜೆಗೆ ಗಂಡನ ದುಡಿಮೆಯನ್ನು ಹಿಡಿದೆವು. ಅದೂ ಪೂರ್ತಿ ಶುದ್ಧವಲ್ಲ ಬಿಡಿ, ಗಂಡ ಮೇಸ್ತ್ರಿಯಾದರೆ ಹೆಂಡತಿಗೆ ಒಳ್ಳೆ ಸಾಲು ಸಿಕ್ಕೀತು. ಪುಣ್ಯಕ್ಕೆ, ಕೆಲಸಕ್ಕೆ ಹೋಗದವರ ಫಾರಂಗಳನ್ನು ಅವಳು ಎಸೆದಿರಲಿಲ್ಲ.